ಬೆಳೆ ವಿಮೆಯಲ್ಲಿ ಸೂಚನಾ ಅವಧಿ

ಸೂಚನಾ ಅವಧಿ ಎಂದರೆ ನಷ್ಟವಾದ ಸಂಗತಿಯನ್ನು ಒಂದು ಪಕ್ಷವು ಇನ್ನೊಂದು ಪಕ್ಷಕ್ಕೆ ತಿಳಿಸಲೇಬೇಕಾದ, ಕರಾರಿನಲ್ಲಿ ಮೊದಲೇ ಗೊತ್ತುಪಡಿಸಿದ ಕಾಲಮಿತಿ. ವಿಮೆ, ಸರಕು ಸಾಗಣೆ, ಕಟ್ಟಡ ಗುತ್ತಿಗೆ ಮೊದಲಾದ ಅನೇಕ ಬಗೆಯ ಕರಾರುಗಳಲ್ಲಿ ಇಂತಹ ಷರತ್ತು ಇರುತ್ತದೆ. ಕರ್ನಾಟಕದಲ್ಲಿ ಅತಿ ಹೆಚ್ಚು ಸಾಮಾನ್ಯ ಜನರನ್ನು ನೇರವಾಗಿ ತಟ್ಟುವ ಸೂಚನಾ ಅವಧಿಯೆಂದರೆ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ 72 ಗಂಟೆಗಳ ನಿಯಮ. ಈ ಯೋಜನೆಯು ರಾಜ್ಯದಲ್ಲಿ 'ಕರ್ನಾಟಕ ರೈತ ಸುರಕ್ಷಾ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ' ಎಂಬ ಹೆಸರಿನಲ್ಲಿ ಜಾರಿಯಲ್ಲಿದೆ. ಬೆಳೆ ನಿಜವಾಗಿಯೂ ಹಾಳಾಗಿದ್ದು, ವಿಮಾ ಕಂತನ್ನೂ ಸಕಾಲದಲ್ಲಿ ಕಟ್ಟಿದ್ದು, ನಷ್ಟದ ಕಾರಣವೂ ವಿಮೆಯ ವ್ಯಾಪ್ತಿಗೆ ಒಳಪಟ್ಟಿದ್ದರೂ ಈ ಅವಧಿ ಮೀರಿದ ಒಂದೇ ಕಾರಣದಿಂದ ಪರಿಹಾರದ ಕೋರಿಕೆ ತಿರಸ್ಕೃತವಾಗಬಹುದು.

ಮೂರು ಬೇರೆ ಬೇರೆ ಕಾಲಮಿತಿಗಳು

ಕಾಲಮಿತಿಯ ಮಾತು ಬಂದಾಗ ಮೂರು ಬೇರೆ ಬೇರೆ ಗಡುವುಗಳು ಒಂದರೊಡನೊಂದು ಬೆರೆತುಹೋಗುವುದು ಸಾಮಾನ್ಯ. ಮೊದಲನೆಯದು ನಷ್ಟವಾಗಿದೆ ಎಂದು ತಿಳಿಸುವ ಗಡುವು. ಎರಡನೆಯದು ಕೋರಿಕೆಯ ನಮೂನೆ ಮತ್ತು ದಾಖಲೆಗಳನ್ನು ಒದಗಿಸುವ ಗಡುವು. ಮೂರನೆಯದು ಕೋರಿಕೆ ತಿರಸ್ಕೃತವಾದರೆ ನ್ಯಾಯಾಲಯಕ್ಕೆ ಅಥವಾ ಗ್ರಾಹಕ ಆಯೋಗಕ್ಕೆ ಹೋಗುವ ಗಡುವು.

ಮೂರನೆಯದನ್ನು ನಿರ್ಧರಿಸುವುದು ಕಾನೂನು. 1963ರ ಪರಿಮಿತಿ ಅಧಿನಿಯಮದಂತೆ ವಿಮಾ ಹಣಕ್ಕಾಗಿ ದಾವೆ ಹೂಡಲು ಮೂರು ವರ್ಷಗಳ ಕಾಲಾವಕಾಶವಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 69ನೆಯ ಪ್ರಕರಣದಂತೆ ಗ್ರಾಹಕ ಆಯೋಗಕ್ಕೆ ದೂರು ನೀಡಲು ಎರಡು ವರ್ಷಗಳ ಅವಕಾಶವಿದ್ದು, ವಿಳಂಬಕ್ಕೆ ಸಾಕಷ್ಟು ಕಾರಣವಿದ್ದಲ್ಲಿ ಆಯೋಗವು ಅದನ್ನು ಮನ್ನಿಸಲೂಬಹುದು. ಮೊದಲನೆಯ ಗಡುವಾದರೋ ಕರಾರಿನಿಂದ ಹುಟ್ಟಿದ್ದು. ವರ್ಷಗಳಲ್ಲಿ ಅಲ್ಲ, ಗಂಟೆಗಳಲ್ಲಿ ಎಣಿಕೆಯಾಗುತ್ತದೆ. ದಾವೆಗೆ ಮೂರು ವರ್ಷವಿದೆಯಲ್ಲ ಎಂದು ಸುಮ್ಮನಿದ್ದವನಿಗೆ ಮೂರನೆಯ ದಿನವೇ ಹಕ್ಕು ಕೈತಪ್ಪಿರಬಹುದು. ದಾವೆಯ ಬಾಗಿಲು ತೆರೆದೇ ಇರುತ್ತದೆ, ಆದರೆ ಒಳಗೆ ಹೋಗಿ ಕೇಳಲು ಏನೂ ಉಳಿದಿರುವುದಿಲ್ಲ.

72 ಗಂಟೆಗಳ ನಿಯಮ ಎಲ್ಲಿ ಅನ್ವಯಿಸುತ್ತದೆ

ಫಸಲ್ ಬಿಮಾ ಯೋಜನೆಯು 2016ರ ಮುಂಗಾರು ಹಂಗಾಮಿನಿಂದ ಜಾರಿಗೆ ಬಂದಿತು. ರೈತರು ಕಟ್ಟಬೇಕಾದ ಕಂತು ಮುಂಗಾರಿನ ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ವಿಮಾ ಮೊತ್ತದ ಗರಿಷ್ಠ ಶೇಕಡ 2. ಹಿಂಗಾರಿಗೆ ಶೇಕಡ 1.5, ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇಕಡ 5.

ಯೋಜನೆಯ ಮುಖ್ಯ ಭಾಗವು ಪ್ರದೇಶವಾರು ಲೆಕ್ಕವನ್ನು ಆಧರಿಸಿದೆ. ಗ್ರಾಮ ಪಂಚಾಯಿತಿ ಅಥವಾ ಹೋಬಳಿಯನ್ನು ವಿಮಾ ಘಟಕವೆಂದು ಪರಿಗಣಿಸಿ, ಅಲ್ಲಿ ನಡೆಸಿದ ಬೆಳೆ ಕಟಾವು ಪ್ರಯೋಗಗಳಿಂದ ಸರಾಸರಿ ಇಳುವರಿಯನ್ನು ಕಂಡುಹಿಡಿಯುತ್ತಾರೆ. ಅದು ಮೊದಲೇ ಗೊತ್ತುಪಡಿಸಿದ ಖಾತರಿ ಇಳುವರಿಗಿಂತ ಕಡಿಮೆಯಾದರೆ ಘಟಕದ ಎಲ್ಲ ವಿಮಾದಾರರಿಗೂ ಪರಿಹಾರ ಸಲ್ಲುತ್ತದೆ. ಇಲ್ಲಿ ಯಾವ ರೈತನೂ ಯಾರಿಗೂ ಸೂಚನೆ ನೀಡಬೇಕಾಗಿಲ್ಲ. 72 ಗಂಟೆಗಳ ನಿಯಮವನ್ನು ಬಲ್ಲ ಕೆಲವರು ಅದು ಇಲ್ಲಿಗೂ ಅನ್ವಯಿಸುತ್ತದೆ ಎಂದು ತಿಳಿದು ಗಾಬರಿಗೊಳ್ಳುತ್ತಾರೆ. ನಿಯಮವನ್ನು ಅರಿಯದವರು ಎಲ್ಲ ನಷ್ಟಕ್ಕೂ ಹಣ ತಾನಾಗಿಯೇ ಬರುತ್ತದೆ ಎಂದು ಕಾಯುತ್ತಾರೆ. ಎರಡನೆಯ ತಪ್ಪು ಹೆಚ್ಚು ದುಬಾರಿಯಾದದ್ದು.

ರೈತನೇ ಮುಂದಾಗಿ ತಿಳಿಸಬೇಕಾದ ಸಂದರ್ಭಗಳು ಎರಡು. ಒಂದು, ಆಲಿಕಲ್ಲು ಮಳೆ, ಭೂಕುಸಿತ, ಜಮೀನು ಮುಳುಗಡೆ, ಮೇಘಸ್ಫೋಟ ಮತ್ತು ಸಿಡಿಲಿನಿಂದ ಉಂಟಾಗುವ ಬೆಂಕಿ ಮುಂತಾದ ಸ್ಥಳೀಯ ವಿಕೋಪಗಳು. ಇನ್ನೊಂದು, ಕುಯ್ಲಿನ ನಂತರದ ನಷ್ಟ. ಕೊಯ್ದ ಬೆಳೆಯನ್ನು ಒಣಗಲೆಂದು ಹೊಲದಲ್ಲಿಯೇ ಹರಡಿದ್ದಾಗ ಅಥವಾ ಸಣ್ಣ ಕಂತೆಗಳಾಗಿ ಬಿಟ್ಟಿದ್ದಾಗ, ಕುಯ್ಲಾದ 14 ದಿನಗಳೊಳಗೆ ಚಂಡಮಾರುತ, ಅಕಾಲಿಕ ಮಳೆ ಅಥವಾ ಆಲಿಕಲ್ಲಿನಿಂದ ಅದು ಹಾಳಾದರೆ ಈ ರಕ್ಷಣೆ ದೊರೆಯುತ್ತದೆ. ಮೂಲ ಮಾರ್ಗಸೂಚಿಯಲ್ಲಿ ಸೂಚನೆಗೆ ಇದ್ದ ಅವಧಿ 48 ಗಂಟೆ. ಅದು ತೀರ ಕಡಿಮೆಯೆಂಬ ದೂರು ಬಂದುದರಿಂದ, 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಪರಿಷ್ಕೃತ ಮಾರ್ಗಸೂಚಿಯಲ್ಲಿ 72 ಗಂಟೆಗೆ ಏರಿಸಲಾಯಿತು.

ಭತ್ತದ ಸೀಮೆಗೆ ಸಂಬಂಧಿಸಿದ ಒಂದು ವಿಶೇಷವೂ ಇದೆ. ನೀರಿನಲ್ಲಿ ನಿಂತು ಬೆಳೆಯುವ ಪೈರುಗಳಿಗೆ ಮುಳುಗಡೆಯ ನಷ್ಟವನ್ನು ಸ್ಥಳೀಯ ವಿಕೋಪವೆಂದು ಪರಿಗಣಿಸಬಾರದೆಂದು 2018ರ ಮಾರ್ಗಸೂಚಿ ವಿಧಿಸಿತು. ಭತ್ತ, ಕಬ್ಬು ಈ ಸಾಲಿಗೆ ಸೇರಿದವು. ನದಿ ಉಕ್ಕಿ ಗದ್ದೆ ವಾರಗಟ್ಟಲೆ ಮುಳುಗಿದ್ದರೂ ಭತ್ತದ ಬೆಳೆಗಾರನು ಈ ದಾರಿಯಲ್ಲಿ ಸೂಚನೆ ನೀಡಿ ಪ್ರಯೋಜನವಿರಲಿಲ್ಲ. 2026ರ ಮುಂಗಾರಿನಿಂದ ಭತ್ತದ ಮುಳುಗಡೆಯನ್ನು ಮತ್ತೆ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯವು 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಕುಯ್ಲಿನ ನಂತರದ ನಷ್ಟಕ್ಕೆ ಇಂತಹ ನಿರ್ಬಂಧವಿರಲಿಲ್ಲ.

ಸೋಸಲೆಯ ಗದ್ದೆಯಲ್ಲಿ: ಒಂದು ಕಲ್ಪಿತ ಉದಾಹರಣೆ

ಸೋಸಲೆಯು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಕಾವೇರಿ ಮತ್ತು ಕಪಿಲಾ ನದಿಗಳ ಸಂಗಮಕ್ಕೆ ಸಮೀಪವಿರುವ ಈ ಭಾಗದ ನೀರಾವರಿ ಗದ್ದೆಗಳಲ್ಲಿ ಭತ್ತ ಮುಖ್ಯ ಬೆಳೆ. ಮುಂಗಾರಿನ ಭತ್ತದ ಕುಯ್ಲು ಡಿಸೆಂಬರ್ ಸುಮಾರಿಗೆ ಬರುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಅಕಾಲದಲ್ಲಿ ಮಳೆಯಾಗುವುದೂ ಅದೇ ದಿನಗಳಲ್ಲಿಯೇ. ನಿಯಮವು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲು, ಅಲ್ಲಿನ ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ ಗದ್ದೆಯ ರೈತನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ವಿಮಾ ಮೊತ್ತವು ಹೆಕ್ಟೇರಿಗೆ 80,000 ರೂಪಾಯಿ ಎಂದು ಲೆಕ್ಕಕ್ಕಾಗಿ ಭಾವಿಸಿದರೆ, ಅವನು ಕಟ್ಟಿದ ಕಂತು ಶೇಕಡ 2ರಂತೆ 1,600 ರೂಪಾಯಿ.

ಡಿಸೆಂಬರ್ 8ರ ಸೋಮವಾರ ಆಳುಗಳನ್ನಿಟ್ಟು ಕುಯ್ಲು ಮಾಡಿಸಿ, ಅರಿಯನ್ನು ಗದ್ದೆಯಲ್ಲಿ ಒಣಗಲು ಬಿಟ್ಟಿದ್ದಾನೆ. ಗುರುವಾರ ರಾತ್ರಿ 10 ಗಂಟೆಗೆ ಮಳೆ ಹಿಡಿದು ಬೆಳಗಿನವರೆಗೂ ಸುರಿಯುತ್ತದೆ. ಶುಕ್ರವಾರ ನೋಡಿದರೆ ಅರಿ ನೀರಿನಲ್ಲಿ ತೇಲುತ್ತಿದೆ. ಆದರೂ ಕಾಳು ಕೆಟ್ಟಿದೆಯೆಂದು ಅಂದೇ ಹೇಳಲಾಗುವುದಿಲ್ಲ. ನೀರು ಬಸಿದು ಎರಡು ದಿನ ಬಿಸಿಲು ಬಂದರೆ ಉಳಿದೀತು ಎಂದು ಯಾವ ರೈತನಾದರೂ ಆಶಿಸುತ್ತಾನೆ. ಅವನ ಮೊದಲ ಕೆಲಸ ಅರಿಯನ್ನು ದಿಣ್ಣೆಗೆ ಎತ್ತಿ ಹಾಕುವುದೇ ಹೊರತು ದೂರವಾಣಿ ಹುಡುಕುವುದಲ್ಲ. ಶನಿವಾರ ತಿಂಗಳ ಎರಡನೆಯ ಶನಿವಾರವಾದುದರಿಂದ ಬ್ಯಾಂಕಿಗೆ ರಜೆ. ಭಾನುವಾರ ತೆನೆಯಲ್ಲಿಯೇ ಕಾಳು ಮೊಳಕೆಯೊಡೆದದ್ದು ಕಾಣುತ್ತದೆ. ಸೋಮವಾರ ಬೆಳಗ್ಗೆ 10 ಗಂಟೆ 30 ನಿಮಿಷಕ್ಕೆ ಬ್ಯಾಂಕಿನಲ್ಲಿ ಅರ್ಜಿ ಕೊಡುತ್ತಾನೆ.

ಕುಯ್ಲಿನ ನಂತರದ 14 ದಿನಗಳ ರಕ್ಷಣೆ 22ನೆಯ ತಾರೀಖಿನವರೆಗೂ ಇದ್ದುದರಿಂದ ನಷ್ಟವು ವಿಮೆಯ ವ್ಯಾಪ್ತಿಯೊಳಗೇ ಇದೆ. ಆದರೆ 72 ಗಂಟೆಗಳು ಭಾನುವಾರ ರಾತ್ರಿ 10ಕ್ಕೆ ಮುಗಿದಿವೆ. ಅರ್ಜಿ ಸೇರಿದ್ದು ಮಳೆ ಬಿದ್ದ 84 ಗಂಟೆ 30 ನಿಮಿಷಗಳ ಮೇಲೆ, ಅಂದರೆ ಹನ್ನೆರಡೂವರೆ ಗಂಟೆ ತಡವಾಗಿ. ನಷ್ಟ ಶೇಕಡ 40 ಎಂದು ನಿರ್ಧಾರವಾಗಬಹುದಾಗಿದ್ದರೆ ಸುಮಾರು 32,000 ರೂಪಾಯಿಯ ಕೋರಿಕೆಯೊಂದು ಈ ಹನ್ನೆರಡೂವರೆ ಗಂಟೆಯಲ್ಲಿ ಅಪಾಯಕ್ಕೆ ಸಿಲುಕಿತು. ಗಂಟೆಗಳ ಎಣಿಕೆ ಆರಂಭವಾದದ್ದು ಮೊಳಕೆ ಕಂಡ ಭಾನುವಾರದಿಂದಲ್ಲ, ಮಳೆ ಸುರಿದ ಗುರುವಾರದಿಂದ ಎಂಬುದೇ ಇಲ್ಲಿ ಎಡವಿದ ಜಾಗ. ಅವಧಿಯನ್ನು ಗಂಟೆಯಲ್ಲಿ ಎಣಿಸುವುದರಿಂದ ನಡುವೆ ಬಂದ ರಜೆಗಳು ಲೆಕ್ಕದಿಂದ ಹೊರಗುಳಿಯುವುದಿಲ್ಲ.

ಪ್ರದೇಶವಾರು ಪರಿಹಾರವಾದರೂ ದೊರೆಯಬಹುದಲ್ಲ ಎಂಬ ಸಮಾಧಾನವೂ ಇವನಿಗಿಲ್ಲ. ಬೆಳೆ ಕಟಾವು ಪ್ರಯೋಗವು ಪೈರು ನಿಂತಿರುವಾಗ ಕೊಯ್ದು ತೂಗಿದ ಇಳುವರಿಯನ್ನು ಅಳೆಯುತ್ತದೆ. ಕುಯ್ಲಾದ ಮೇಲೆ ಅರಿಯಲ್ಲಿ ಕೊಳೆತ ಕಾಳು ಆ ಲೆಕ್ಕದಲ್ಲಿ ಎಂದಿಗೂ ಕಾಣಿಸಿಕೊಳ್ಳುವುದಿಲ್ಲ. ದಾಖಲೆಯ ಪ್ರಕಾರ ಆ ಪಂಚಾಯಿತಿಯಲ್ಲಿ ಒಳ್ಳೆಯ ಬೆಳೆ ಬಂದಿದೆ. ಆದ್ದರಿಂದ ಕುಯ್ಲಿನ ನಂತರದ ನಷ್ಟಕ್ಕೆ ಸೂಚನೆಯೊಂದೇ ದಾರಿ.

ಇದೇ ರೈತ ಅರಿಯನ್ನು ಎತ್ತಿ ಮೆದೆ ಒಟ್ಟಿದ್ದರೆ ವಿಷಯವೇ ಬೇರೆಯಾಗುತ್ತಿತ್ತು. ಒಕ್ಕಣೆಗಾಗಿ ಒಂದೆಡೆ ರಾಶಿ ಹಾಕಿದ ಬೆಳೆಗೆ ಈ ರಕ್ಷಣೆ ಇಲ್ಲ. ಯಂತ್ರದಿಂದ ಕುಯ್ಲು ಮತ್ತು ಒಕ್ಕಣೆ ಒಟ್ಟಿಗೆ ಮುಗಿಸಿ ಭತ್ತವನ್ನು ರಸ್ತೆಯ ಬದಿ ಒಣಹಾಕಿದವರಿಗೂ ಇದು ಒದಗುವುದಿಲ್ಲ, ಏಕೆಂದರೆ ಗದ್ದೆಯಲ್ಲಿ ಹರಡಿದ ಪೈರು ಅಲ್ಲಿ ಇಲ್ಲವೇ ಇಲ್ಲ.

ಅವಧಿ ಇಷ್ಟು ಕಡಿಮೆ ಏಕೆ

ವಿಮಾ ಸಂಸ್ಥೆಯ ವಾದಕ್ಕೆ ಆಧಾರವಿಲ್ಲದಿಲ್ಲ. ಹೊಲದಲ್ಲಿನ ಸಾಕ್ಷ್ಯ ಬೇಗ ಅಳಿಯುತ್ತದೆ. ಮಳೆಯಾದ ಮರುದಿನ ಬಂದ ನಷ್ಟ ಮೌಲ್ಯಮಾಪಕನಿಗೆ ನಿಂತ ನೀರು, ನೆನೆದ ಅರಿ, ಬಣ್ಣಗೆಟ್ಟ ಕಾಳು ಕಾಣುತ್ತವೆ. ಹತ್ತು ದಿನದ ಮೇಲೆ ಬಂದವನಿಗೆ ಕಾಣುವುದು ಬರಿಯ ಕೂಳೆ. ಕಾಳು ಮಳೆಯಿಂದ ಕೆಟ್ಟಿತೋ, ಮೊದಲೇ ರೋಗದಿಂದ ಜೊಳ್ಳಾಗಿತ್ತೋ ಎಂಬುದನ್ನು ಆಗ ಬೇರ್ಪಡಿಸಲಾಗದು. ಆದ್ದರಿಂದಲೇ ಮಾರ್ಗಸೂಚಿಯು ಎರಡೂ ಕಡೆಗೆ ಗಡುವು ವಿಧಿಸಿದೆ: ಸೂಚನೆ ಬಂದ 48 ಗಂಟೆಗಳಲ್ಲಿ ಸಂಸ್ಥೆಯು ಮೌಲ್ಯಮಾಪಕನನ್ನು ನೇಮಿಸಬೇಕು, 10 ದಿನಗಳಲ್ಲಿ ಮೌಲ್ಯಮಾಪನ ಮುಗಿಯಬೇಕು, ಅಲ್ಲಿಂದ 15 ದಿನಗಳಲ್ಲಿ ಪರಿಹಾರ ಪಾವತಿಯಾಗಬೇಕು. ಹಾಗಿದ್ದರೂ ಎರಡು ಗಡುವುಗಳ ಫಲ ಸಮನಾಗಿಲ್ಲ. ರೈತ ತಡಮಾಡಿದರೆ ಹಕ್ಕು ಹೋಗುತ್ತದೆ. ಸಂಸ್ಥೆ ತಡಮಾಡಿದರೆ ಹೆಚ್ಚೆಂದರೆ ಬಡ್ಡಿ ಅಥವಾ ದಂಡ ಬೀಳುತ್ತದೆ.

ಸಾಕ್ಷ್ಯ ಉಳಿಸುವುದು ಉದ್ದೇಶವಾದರೆ, ಸಾಕ್ಷ್ಯ ಬೇರೆ ರೀತಿಯಲ್ಲಿ ಉಳಿದಿರುವಾಗ ಕೇವಲ ಅವಧಿಯ ನೆಪದಿಂದ ಕೋರಿಕೆಯನ್ನು ತಳ್ಳಿಹಾಕಬಹುದೇ? ನ್ಯಾಯಾಲಯಗಳು ಈ ಪ್ರಶ್ನೆಯನ್ನು ಮುಖ್ಯವಾಗಿ ವಾಹನ ವಿಮೆಯ ಪ್ರಕರಣಗಳಲ್ಲಿ ಎದುರಿಸಿವೆ.

ನ್ಯಾಯಾಲಯಗಳ ನಿಲುವು

1872ರ ಭಾರತೀಯ ಕರಾರು ಅಧಿನಿಯಮದ 28ನೆಯ ಪ್ರಕರಣವು, ಕಾನೂನಿನ ಮೂಲಕ ಹಕ್ಕನ್ನು ಸಾಧಿಸಿಕೊಳ್ಳದಂತೆ ತಡೆಯುವ ಕರಾರು ಅನೂರ್ಜಿತವೆಂದು ಹೇಳುತ್ತದೆ. ದಾವೆ ಹೂಡುವ ಕಾಲವನ್ನು ಮೊಟಕುಗೊಳಿಸುವ ಷರತ್ತು ಹಿಂದಿನಿಂದಲೂ ನಿಲ್ಲುತ್ತಿರಲಿಲ್ಲ. ಆದರೆ ಗೊತ್ತಾದ ಕಾಲ ಮುಗಿದೊಡನೆ ಹಕ್ಕೇ ಅಳಿದುಹೋಗುತ್ತದೆ ಎಂದು ಬರೆದರೆ ಅದು ನಿಲ್ಲುತ್ತಿತ್ತು. ಮುಷ್ಕರದಿಂದಾದ ನಷ್ಟದ ವಿಮೆಗೆ ಸಂಬಂಧಿಸಿದ ನ್ಯಾಷನಲ್ ಇನ್ಶೂರೆನ್ಸ್ ವಿರುದ್ಧ ಸುಜೀರ್ ಗಣೇಶ್ ನಾಯಕ್ ಪ್ರಕರಣದಲ್ಲಿ, ನಷ್ಟವಾದ 12 ತಿಂಗಳೊಳಗೆ ಕೋರಿಕೆಯು ದಾವೆ ಅಥವಾ ಪಂಚಾಯಿತಿಯ ಮುಂದೆ ಇರದಿದ್ದರೆ ಸಂಸ್ಥೆಯ ಹೊಣೆ ಮುಗಿಯುತ್ತದೆ ಎಂಬ ಷರತ್ತನ್ನು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಎತ್ತಿಹಿಡಿಯಿತು. ಒಂದು ಪದವಿನ್ಯಾಸದಲ್ಲಿ ಅನೂರ್ಜಿತವಾದದ್ದು ಇನ್ನೊಂದರಲ್ಲಿ ಊರ್ಜಿತವಾಗುತ್ತಿದ್ದ ಈ ವ್ಯತ್ಯಾಸ ಸಾಮಾನ್ಯ ಓದುಗನಿಗೆ ಕೂದಲು ಸೀಳುವ ಮಾತಾಗಿ ಕಂಡರೆ ಆಶ್ಚರ್ಯವಿಲ್ಲ. ಅದೇ ವರ್ಷದ ಜನವರಿ 8ರಿಂದ ಜಾರಿಗೆ ಬಂದ ತಿದ್ದುಪಡಿಯು, ಕಾಲ ಮುಗಿದೊಡನೆ ಹಕ್ಕನ್ನು ಅಳಿಸಿ ತನ್ಮೂಲಕ ಅದನ್ನು ಸಾಧಿಸಿಕೊಳ್ಳದಂತೆ ತಡೆಯುವ ಷರತ್ತುಗಳನ್ನೂ ಅನೂರ್ಜಿತಗೊಳಿಸಿತು. ಹಿಂದಿನ ಕರಾರಿಗೆ ಅದು ಅನ್ವಯಿಸದ ಕಾರಣ ಆ ತೀರ್ಪಿನ ಫಲ ಬದಲಾಗಲಿಲ್ಲ.

ಇಷ್ಟರಿಂದ 72 ಗಂಟೆಯ ನಿಯಮ ತಾನಾಗಿಯೇ ಬಿದ್ದುಹೋಗುತ್ತದೆ ಎಂದು ಭಾವಿಸಲಾಗದು. ಸೂಚನೆ ನೀಡುವುದು ದಾವೆಯ ಕಾಲದ ಪ್ರಶ್ನೆಯಲ್ಲ. ಸಂಸ್ಥೆಯ ಹೊಣೆ ಹುಟ್ಟಲು ನೆರವೇರಬೇಕಾದ ಷರತ್ತು ಎಂಬ ವಾದ ಅದರ ಬೆಂಬಲಕ್ಕಿದೆ. ಈ ದೃಷ್ಟಿಯಿಂದಲೇ ಕಳವಾದ ವಾಹನದ ಕೆಲವು ಪ್ರಕರಣಗಳಲ್ಲಿ ತಡವಾದ ಸೂಚನೆಯನ್ನು ಕಟ್ಟುನಿಟ್ಟಾಗಿ ಕಂಡ ತೀರ್ಪುಗಳು ಮೊದಲು ಬಂದವು. ಪರ್ವೇಶ್ ಚಂದರ್ ಚಡ್ಡಾ ಪ್ರಕರಣ ಅಂತಹದು.

ನಿಲುವು ಮೆತ್ತಗಾಗುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರದ 2011ರ ಸೆಪ್ಟೆಂಬರ್ 20ರ ಸುತ್ತೋಲೆ ಆಧಾರವಾಯಿತು. ಕೇವಲ ವಿಳಂಬದ ಕಾರಣದಿಂದ ಪ್ರಾಮಾಣಿಕ ಕೋರಿಕೆಯನ್ನು ನಿರಾಕರಿಸಬಾರದು, ವಿಳಂಬದ ಕಾರಣವನ್ನು ವಿಚಾರಿಸಿ ದಾಖಲಿಸಬೇಕು, ಸಕಾಲದಲ್ಲಿ ಬಂದಿದ್ದರೂ ಆ ಕೋರಿಕೆ ತಿರಸ್ಕೃತವಾಗುತ್ತಿತ್ತೇ ಎಂಬುದನ್ನು ಪರಿಶೀಲಿಸಬೇಕು ಎಂಬುದು ಅದರ ತಾತ್ಪರ್ಯ. 2017ರಲ್ಲಿ ಓಂ ಪ್ರಕಾಶ್ ಪ್ರಕರಣದಲ್ಲಿ, ಲಾರಿ ಕಳವಾದ ಎಂಟು ದಿನಗಳ ಮೇಲೆ ಸಂಸ್ಥೆಗೆ ತಿಳಿಸಿದ ಮಾಲೀಕನಿಗೆ ಸರ್ವೋಚ್ಚ ನ್ಯಾಯಾಲಯವು ಪರಿಹಾರ ಕೊಡಿಸಿತು. ಸಂಸ್ಥೆಯ ತನಿಖಾಧಿಕಾರಿಯೇ ಕಳವು ನಿಜವೆಂದು ಕಂಡುಕೊಂಡಿದ್ದನು. 2020ರ ಜನವರಿಯಲ್ಲಿ ಗುರುಶಿಂದರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಭಿನ್ನ ತೀರ್ಪುಗಳ ಗೊಂದಲವನ್ನು ನಿವಾರಿಸಿತು. ಟ್ರ್ಯಾಕ್ಟರ್ ಕಳವಾದ ದಿನವೇ ಪೊಲೀಸರಿಗೆ ದೂರು ಸಲ್ಲಿಸಿದ್ದ ಮಾಲೀಕನು ವಿಮಾ ಸಂಸ್ಥೆಗೆ ತಿಳಿಸಿದ್ದು 52 ದಿನಗಳ ಮೇಲೆ. ಕಳವನ್ನು ತನಿಖೆ ಮಾಡುವವರು ಪೊಲೀಸರು. ಅವರಿಗೆ ಕೂಡಲೇ ತಿಳಿಸಿರುವಾಗ ಸಂಸ್ಥೆಗೆ ತಡವಾಗಿ ತಿಳಿಸಿದ ಮಾತ್ರಕ್ಕೆ ಪರಿಹಾರ ನಿರಾಕರಿಸಲಾಗದು ಎಂದು ಪೀಠವು ತೀರ್ಮಾನಿಸಿತು.

ಈ ತೀರ್ಪುಗಳನ್ನು ಬೆಳೆ ವಿಮೆಗೆ ಎಷ್ಟರಮಟ್ಟಿಗೆ ಒಯ್ಯಬಹುದು ಎಂಬಲ್ಲಿ ಎಚ್ಚರ ಬೇಕು. ಕಳವಿನಲ್ಲಿ ಪೊಲೀಸ್ ದಾಖಲೆಯು ಸ್ವತಂತ್ರ ಸಾಕ್ಷ್ಯವಾಗಿ ಉಳಿಯುತ್ತದೆ. ಗದ್ದೆಯ ಅರಿಗೆ ಅಂತಹ ದಾಖಲೆ ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ತಡವಾದ ರೈತನ ವಾದ ನಿಲ್ಲಬೇಕಾದರೆ ಪೊಲೀಸ್ ದೂರಿನ ಸ್ಥಾನದಲ್ಲಿ ಬೇರೊಂದು ಸಾಕ್ಷ್ಯ ಬೇಕು: ಸಮೀಪದ ಮಳೆಮಾಪನ ಕೇಂದ್ರದ ಆ ದಿನದ ದಾಖಲೆ, ದಿನಾಂಕವಿರುವ ಛಾಯಾಚಿತ್ರ, ಕೃಷಿ ಅಥವಾ ಕಂದಾಯ ಇಲಾಖೆಯ ಸ್ಥಳ ಪರಿಶೀಲನೆಯ ವರದಿ. ಇವು ಇದ್ದಲ್ಲಿ, ಸಾಕ್ಷ್ಯ ನಾಶವಾಗಿಲ್ಲ, ಸಂಸ್ಥೆಗೆ ಬಾಧಕವಾಗಿಲ್ಲ ಎಂದು ವಾದಿಸಲು ನೆಲೆ ಸಿಗುತ್ತದೆ.

ಸೂಚನೆ ಕೊಟ್ಟರೂ ಸೋಲುವ ಬಗೆ

ಅವಧಿಯೊಳಗೆ ಎಲ್ಲೋ ಒಂದು ಕಡೆ ಹೇಳಿದ್ದರೂ ಅದು ಸೂಚನೆಯೆಂದು ಗಣನೆಗೆ ಬಾರದಿರುವುದು ಇನ್ನೊಂದು ತೊಡಕು. ವಿಮಾ ಸಂಸ್ಥೆ, ಬ್ಯಾಂಕು, ಕೃಷಿ ಇಲಾಖೆ, 14447 ಸಂಖ್ಯೆಯ ಸಹಾಯವಾಣಿ, ಬೆಳೆ ವಿಮೆಯ ಮೊಬೈಲ್ ಆ್ಯಪ್ ಇವುಗಳಲ್ಲಿ ಯಾವುದರ ಮೂಲಕವಾದರೂ ತಿಳಿಸಬಹುದು. ಹೋಬಳಿಯ ರೈತ ಸಂಪರ್ಕ ಕೇಂದ್ರವು ಕೃಷಿ ಇಲಾಖೆಯ ಭಾಗ. ಪಂಚಾಯಿತಿ ಸದಸ್ಯರಿಗೆ ಹೇಳುವುದು, ಗ್ರಾಮ ಆಡಳಿತಾಧಿಕಾರಿಗೆ ಬೆಳೆಹಾನಿಯ ಅರ್ಜಿ ಕೊಡುವುದು ಇದಕ್ಕೆ ಸಮನಲ್ಲ. ಕಂದಾಯ ಇಲಾಖೆ ಬೆಳೆಹಾನಿಗೆ ನೀಡುವ ಪರಿಹಾರವು ವಿಪತ್ತು ಪರಿಹಾರ ನಿಧಿಯಿಂದ ಬರುವ ಸರ್ಕಾರದ ನೆರವು. ವಿಮೆಯ ಹಣ ಬೇರೆ. ಎರಡೂ ಒಂದೇ ಎಂದು ತಿಳಿದು ಒಂದಕ್ಕೆ ಮಾತ್ರ ಅರ್ಜಿ ಹಾಕಿದವರು ಇನ್ನೊಂದನ್ನು ಕಳೆದುಕೊಳ್ಳುತ್ತಾರೆ.

ಬ್ಯಾಂಕಿನಲ್ಲಿ ತಿಳಿಸಿದರೆ ಬ್ಯಾಂಕು ವಿಮೆಯ ವಿವರಗಳನ್ನು ತಾಳೆ ನೋಡಿ ಮುಂದಿನ 48 ಗಂಟೆಗಳಲ್ಲಿ ಸಂಸ್ಥೆಗೆ ಕಳುಹಿಸಬೇಕು. ಬಾಯಿಮಾತಿನಲ್ಲಿ ಹೇಳಿ ಬಂದವನ ಬಳಿ ಯಾವ ಆಧಾರವೂ ಇರುವುದಿಲ್ಲ. ಅರ್ಜಿಯ ಪ್ರತಿಯ ಮೇಲೆ ದಿನಾಂಕ ಮತ್ತು ವೇಳೆಯ ಸಹಿತ ಮೊಹರು ಹಾಕಿಸಿಕೊಳ್ಳುವುದು, ದೂರವಾಣಿಯಲ್ಲಾದರೆ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಈ ಕಾರಣಕ್ಕಾಗಿ. ಸೂಚನೆಯಲ್ಲಿ ಸರ್ವೆ ನಂಬರು, ವಿಮೆ ಮಾಡಿಸಿದ ಬೆಳೆ, ಹಾಳಾದ ವಿಸ್ತೀರ್ಣ, ನಷ್ಟದ ಕಾರಣ ಮತ್ತು ದಿನಾಂಕ ಇರಬೇಕು. ಉಳಿದ ವಿವರ ಕೈಯಲ್ಲಿಲ್ಲದಿದ್ದರೆ ತುಂಬಿದಷ್ಟನ್ನು ಮೊದಲು ಕೊಟ್ಟು, ಪೂರ್ಣ ನಮೂನೆಯನ್ನು ನಷ್ಟವಾದ 7 ದಿನಗಳೊಳಗೆ ಸಲ್ಲಿಸಲು ಅವಕಾಶವಿದೆ. ಪೂರ್ಣ ದಾಖಲೆ ಸಿಗಲೆಂದು ಕಾಯುತ್ತ ಮೊದಲ ಗಡುವನ್ನು ಕಳೆದುಕೊಳ್ಳುವುದು ಅನಗತ್ಯ.

ಪಹಣಿಯು ತೀರಿಹೋದ ತಂದೆಯ ಹೆಸರಿನಲ್ಲಿಯೇ ಉಳಿದಿರುವುದು, ನಾಲ್ಕು ತುಂಡುಗಳಿರುವ ಜಮೀನಿನಲ್ಲಿ ಹಾಳಾದ ತುಂಡಿನ ಸರ್ವೆ ನಂಬರನ್ನು ಬಿಟ್ಟು ಬೇರೊಂದನ್ನು ಹೇಳುವುದು, ಬೆಳೆ ಸಮೀಕ್ಷೆಯಲ್ಲಿ ಭತ್ತದ ಬದಲು ಬೇರೆ ಬೆಳೆ ದಾಖಲಾಗಿರುವುದು ಇವು ಸೂಚನೆಯ ಹಂತದಲ್ಲಿ ಬಯಲಾಗುವ ದೋಷಗಳು. ಬೆಳೆ ಸಮೀಕ್ಷೆಯ ವಿವರಕ್ಕೂ ವಿಮೆಯ ಅರ್ಜಿಗೂ ಹೊಂದಾಣಿಕೆಯಿದೆಯೇ ಎಂಬುದನ್ನು ರಾಜ್ಯದ 'ಸಂರಕ್ಷಣೆ' ಜಾಲತಾಣದಲ್ಲಿ ಹಂಗಾಮಿನ ನಡುವೆಯೇ ನೋಡಿಕೊಂಡವರಿಗೆ ಮಳೆಯ ಮರುದಿನ ಉಳಿಯುವ ಕೆಲಸ ಒಂದು ಕರೆ ಮಾತ್ರ.

ಹಾನಿಯ ಪ್ರಮಾಣ ಇನ್ನೂ ಸ್ಪಷ್ಟವಾಗದಿದ್ದಾಗ ಸೂಚನೆ ನೀಡಬಹುದೇ ಎಂಬ ಸಂಕೋಚ ಅನೇಕರಿಗಿದೆ. ಸೂಚನೆಯು ಇಷ್ಟು ನಷ್ಟವಾಯಿತೆಂಬ ಪ್ರಮಾಣಪತ್ರವಲ್ಲ; ನಷ್ಟದ ಘಟನೆ ನಡೆದಿದೆ, ಬಂದು ನೋಡಿ ಎಂಬ ಕರೆ. ಪ್ರಮಾಣವನ್ನು ನಿರ್ಧರಿಸುವುದು ಮೌಲ್ಯಮಾಪನ ತಂಡದ ಕೆಲಸ. ಮೇಲಿನ ಉದಾಹರಣೆಯ ರೈತನು ಶುಕ್ರವಾರ ಬೆಳಗ್ಗೆ ಅರಿ ತೇಲುವುದನ್ನು ಕಂಡಾಗಲೇ ತಿಳಿಸಿದ್ದು, ಮುಂದೆ ಬಿಸಿಲು ಬಂದು ಕಾಳು ಉಳಿದಿದ್ದರೆ ಅವನಿಗೆ ಯಾವ ನಷ್ಟವೂ ಆಗುತ್ತಿರಲಿಲ್ಲ.

ತಿರಸ್ಕೃತವಾದ ಮೇಲೆ

ಅವಧಿ ಮೀರಿದೆಯೆಂಬ ಉತ್ತರ ಬಂದಲ್ಲಿ, ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯುವುದು ಮೊದಲ ಹೆಜ್ಜೆ. ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ನಿವಾರಣಾ ಸಮಿತಿ, ಅದರ ಮೇಲೆ ರಾಜ್ಯ ಮಟ್ಟದ ಸಮಿತಿ ಇವೆ. ಮೈಸೂರಿನಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಸಲ್ಲಿಸಬಹುದು. ಅಲ್ಲಿ ವಾದವು ಸಾಮಾನ್ಯವಾಗಿ ಎರಡು ಅಂಶಗಳ ಸುತ್ತ ತಿರುಗುತ್ತದೆ: ಗಂಟೆಗಳ ಎಣಿಕೆ ಯಾವಾಗ ಆರಂಭವಾಯಿತು, ಮತ್ತು ವಿಳಂಬದಿಂದ ಮೌಲ್ಯಮಾಪನ ನಿಜಕ್ಕೂ ಅಸಾಧ್ಯವಾಯಿತೇ. ಮಳೆ ಎರಡು ಮೂರು ದಿನ ಬಿಟ್ಟು ಬಿಟ್ಟು ಸುರಿದಿದ್ದರೆ ಕೊನೆಯ ಮಳೆಯಿಂದ ಎಣಿಸಬೇಕೆಂಬ ವಾದಕ್ಕೆ ಎಡೆಯಿದೆ. ತಡವಾದ ಸೂಚನೆಯ ಮೇಲೆಯೇ ಸಂಸ್ಥೆಯ ತಂಡ ಬಂದು ಗದ್ದೆಯನ್ನು ಅಳೆದು ಹೋಗಿದ್ದರೆ ಆ ವರದಿಯ ಪ್ರತಿಯು ರೈತನ ಕೈಯಲ್ಲಿರುವ ಒಳ್ಳೆಯ ಸಾಕ್ಷ್ಯ. ಆದರೆ ಅಷ್ಟರಿಂದಲೇ ಸಂಸ್ಥೆಯು ಗಡುವನ್ನು ಬಿಟ್ಟುಕೊಟ್ಟಿತೆಂದು ಸಿದ್ಧವಾಗುವುದಿಲ್ಲ; ಸಮೀಕ್ಷಕನನ್ನು ನೇಮಿಸಿದ ಮಾತ್ರಕ್ಕೆ ಷರತ್ತನ್ನು ಮನ್ನಿಸಿದಂತಲ್ಲ ಎಂದು 2018ರ ಸೊನೆಲ್ ಕ್ಲಾಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.